‘ಪೋರ್ಟ್ ಓಪನ್ ಮಾಡಿ ಸರ್’ ಅಂದರೆ ಸಾಲದು: ಟೂರ್ನಮೆಂಟಿಗೆ ಮುಂಚೆ ಐಟಿ ಅಡ್ಮಿನ್‌ಗೆ ಏನು ಬರೆಯಬೇಕು?

ಕೆಲವು ವರ್ಷ ಒಂದು ಶಾಲೆಯ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಒಂದು ಗುರುವಾರ ಸಂಜೆ, ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಡುವ ಹೊತ್ತಿಗೆ, ಇ-ಸ್ಪೋರ್ಟ್ಸ್ ಕ್ಲಬ್ಬಿನ ಕ್ಯಾಪ್ಟನ್ ಹುಡುಗನಿಂದ ಮೆಸೇಜ್ ಬಂತು:

> ಸರ್, ಶನಿವಾರ ಟೂರ್ನಮೆಂಟ್ ಇದೆ. ಲ್ಯಾಬಲ್ಲಿ ಗೇಮ್ ಕನೆಕ್ಟ್ ಆಗ್ತಿಲ್ಲ. ಗೇಮಿಂಗ್ ಪೋರ್ಟ್ ಎಲ್ಲಾ ಓಪನ್ ಮಾಡಿಕೊಡಿ ಪ್ಲೀಸ್. ಅರ್ಜೆಂಟ್.

ಹುಡುಗ ಕೇಳಿದ್ದು ತಪ್ಪಲ್ಲ. ಆದರೆ ಈ ನಾಲ್ಕು ಸಾಲು ಹಿಡಿದುಕೊಂಡು ನಾನು ಏನೂ ಮಾಡುವ ಹಾಗಿರಲಿಲ್ಲ. ಯಾವ ಗೇಮ್? ಯಾವ ಕಂಪ್ಯೂಟರ್? ಕನೆಕ್ಟ್ ಆಗ್ತಿಲ್ಲ ಅಂದರೆ ಲಾಗಿನ್ನೇ ಆಗ್ತಿಲ್ಲವೋ, ಅಥವಾ ಮ್ಯಾಚ್ ಶುರುವಾದ ಮೇಲೆ ನಿಲ್ಲುತ್ತೋ? ‘ಗೇಮಿಂಗ್ ಪೋರ್ಟ್’ ಅಂತ ಒಂದು ಸ್ವಿಚ್ ನೆಟ್‌ವರ್ಕಿಗೆ ಕಾವಲು ಕಾಯುವ ಯಾವ ಫೈರ್‌ವಾಲ್‌ನಲ್ಲೂ ಇರುವುದಿಲ್ಲ. ಪೋರ್ಟ್ ಅಂದರೆ ಡೇಟಾ ಬಂದು ಹೋಗುವ, ನಂಬರ್ ಹಾಕಿದ ಬಾಗಿಲು ಇದ್ದ ಹಾಗೆ. ಪೋರ್ಟ್ ನಂಬರುಗಳು 0ಯಿಂದ 65535ರ ತನಕ ಇವೆ, ಒಂದೊಂದು ಗೇಮಿಗೆ ಒಂದೊಂದು ಗುಂಪು ಬೇಕು, ಅದೂ ಡೇಟಾ ಸಾಗಿಸುವ ಎರಡು ವಿಧಾನಗಳಾದ ಟಿಸಿಪಿ, ಯುಡಿಪಿಗಳಲ್ಲಿ ಯಾವುದು ಅನ್ನುವುದರ ಮೇಲೆ ಬೇರೆ ಬೇರೆ. ನಾನು ಬ್ಯಾಗು ಕೆಳಗಿಟ್ಟು ಮತ್ತೆ ಕೂತೆ. ಅವತ್ತೂ ಮಾರನೇ ದಿನವೂ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಮೆಸೇಜ್ ಬರೆಯುವ ಹುಡುಗರಿಗೂ, ಅದನ್ನು ತಿದ್ದಿಕೊಡುವ ಟೀಚರುಗಳಿಗೂ ಅಡ್ಮಿನ್ ಕಡೆಯಿಂದ ಇದು ಹೇಗೆ ಕಾಣುತ್ತದೆ ಅಂತ ಗೊತ್ತಾಗಲಿ ಅಂತ.

ಗೇಮ್ ಯಾವುದು ಅಂತ ಮೊದಲು ಕೇಳಿದೆ. ಲೀಗ್ ಆಫ್ ಲೆಜೆಂಡ್ಸ್. ಎಲ್ಲಿ ನಿಲ್ಲುತ್ತೆ ಅಂತ ಕೇಳಿದೆ. ಅದಕ್ಕೆ ಬಂದ ಉತ್ತರ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು: ‘ಲಾಗಿನ್ ಆಗುತ್ತೆ ಸರ್, ಫ್ರೆಂಡ್ಸ್ ಲಿಸ್ಟ್ ಬರುತ್ತೆ, ಚಾಟ್ ಹೋಗುತ್ತೆ, ಚಾಂಪಿಯನ್ ಆರಿಸೋದೂ ಆಗುತ್ತೆ. ಆಮೇಲೆ ಮ್ಯಾಚ್ ಒಳಗೆ ಹೋಗೋಕೆ ಬಿಡಲ್ಲ. ಸರ್ವರ್ ಸಿಗ್ತಿಲ್ಲ ಅನ್ನುತ್ತೆ, `Reconnect` ಅಂತ ಬಟನ್ ಬರುತ್ತೆ. ಎಷ್ಟು ಸಲ ಒತ್ತಿದರೂ ಅಷ್ಟೇ.’

ಇದನ್ನು ಕೇಳಿದ ಕೂಡಲೇ ಅರ್ಧ ಉತ್ತರ ಸಿಕ್ಕಿತು. ಯಾಕೆ ಅಂದರೆ ಈ ಗೇಮ್ ನೋಡೋಕೆ ಒಂದೇ ಆದರೂ ಒಳಗೆ ಎರಡು ಪ್ರೋಗ್ರಾಮ್. ಲಾಗಿನ್, ಅಂಗಡಿ, ಚಾಟ್, ಚಾಂಪಿಯನ್ ಅಂದರೆ ಆಡುವ ಪಾತ್ರವನ್ನು ಆರಿಸುವುದು, ಇದನ್ನೆಲ್ಲ ಮಾಡುವುದು `LeagueClient.exe`. ಇದು ಬಹುತೇಕ ಒಂದು ವೆಬ್‌ಸೈಟ್ ಥರ ನಡೆದುಕೊಳ್ಳುತ್ತೆ, ಟಿಸಿಪಿ 443ರಲ್ಲಿ ಮಾತಾಡುತ್ತೆ. ಚಾಟ್ ಥರದ ಕೆಲವಕ್ಕೆ ಟಿಸಿಪಿ 5222, 5223 ಮತ್ತು 2099 ಕೂಡ ಗೇಮ್ ಮಾಡಿದ ರಾಯಟ್ ಗೇಮ್ಸ್ ಕಂಪನಿಯ ಪಟ್ಟಿಯಲ್ಲಿವೆ. 443 ಯಾವ ಶಾಲೆಯಲ್ಲೂ ಮುಚ್ಚಿರೋದಿಲ್ಲ, ಮುಚ್ಚಿದರೆ ಇಂಟರ್ನೆಟ್ಟೇ ಇಲ್ಲ. ಮ್ಯಾಚ್ ಶುರುವಾದ ಕ್ಷಣ ಎರಡನೇ ಪ್ರೋಗ್ರಾಮ್ ಏಳುತ್ತೆ, `League of Legends.exe`. ಅದು ಯುಡಿಪಿಯಲ್ಲಿ, ದೂರದ ಸರ್ವರಿನ 5000ದಿಂದ 5500ರ ಒಳಗಿನ ಯಾವುದೋ ಒಂದು ಪೋರ್ಟಿಗೆ ಹೋಗುತ್ತೆ. ಶಾಲೆಯ ಫೈರ್‌ವಾಲ್‌ಗಳು ನಿಲ್ಲಿಸುವುದು ಇದನ್ನೇ. ಅಂದರೆ ಮುಂಬಾಗಿಲು ತೆಗೆದಿದೆ, ಜಗುಲಿಯಲ್ಲಿ ಕೂತು ಮಾತಾಡಬಹುದು, ನಡುಮನೆಗೆ ಮಾತ್ರ ಬೀಗ.

ಹಾಗಾಗಿ ಮೆಸೇಜಿನಲ್ಲಿ ‘ಕನೆಕ್ಟ್ ಆಗ್ತಿಲ್ಲ’ ಅಂತ ಬರೆಯುವ ಬದಲು ‘ಚಾಂಪಿಯನ್ ಆರಿಸುವ ತನಕ ಸರಿ, ಮ್ಯಾಚ್ ಲೋಡ್ ಆಗುವಾಗ ನಿಲ್ಲುತ್ತೆ’ ಅಂತ ಬರೆದರೆ ಅಡ್ಮಿನ್ ನೇರ ಯುಡಿಪಿ ಕಡೆ ನೋಡುತ್ತಾರೆ. ಲಾಗಿನ್ನೇ ಆಗದಿದ್ದರೆ ಅದು ಬೇರೆ ರೋಗ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಅಡ್ಮಿನ್ ಪರದೆ ಮೇಲೆ ಏನಿರುತ್ತೆ ಅಂತ ನೋಡಿ. ಫೈರ್‌ವಾಲ್‌ನಲ್ಲಿ ಹೊಸ ನಿಯಮ ಸೇರಿಸಲು ಹೋದರೆ ಒಂದು ಫಾರ್ಮ್ ತೆರೆಯುತ್ತೆ. ಯಾವ ಕಂಪನಿಯ ಫೈರ್‌ವಾಲ್ ಆದರೂ ಖಾನೆಗಳು ಹೆಚ್ಚುಕಡಿಮೆ ಅವೇ: ಎಲ್ಲಿಂದ, ಎಲ್ಲಿಗೆ, ಯಾವ ಪ್ರೋಟೋಕಾಲ್, ಯಾವ ಪೋರ್ಟ್, ಬಿಡಬೇಕೋ ತಡೆಯಬೇಕೋ, ಯಾವ ಹೊತ್ತಿನಲ್ಲಿ. ನಿಮ್ಮ ಮೆಸೇಜ್ ಈ ಖಾನೆಗಳನ್ನು ತುಂಬಿಸಿದರೆ ಐದು ನಿಮಿಷದ ಕೆಲಸ. ತುಂಬಿಸದಿದ್ದರೆ ಪ್ರತಿ ಖಾಲಿ ಖಾನೆಗೂ ಒಂದೊಂದು ಮರುಪ್ರಶ್ನೆ, ಪ್ರತಿ ಮರುಪ್ರಶ್ನೆಗೂ ಅರ್ಧ ದಿನ.

ಇದರಲ್ಲಿ ಎಲ್ಲರೂ ಎಡವುವುದು ದಿಕ್ಕಿನಲ್ಲಿ. ನೆಟ್‌ನಲ್ಲಿ ಗೇಮಿನ ಹೆಸರು ಹಾಕಿ ಪೋರ್ಟ್ ಹುಡುಕಿದರೆ ಬರುವ ಪುಟಗಳಲ್ಲಿ ಬಹಳಷ್ಟು ‘ಪೋರ್ಟ್ ಫಾರ್ವರ್ಡಿಂಗ್’ ಬಗ್ಗೆ. ಹುಡುಗರು ಅದನ್ನೇ ಕಾಪಿ ಮಾಡಿ ಕಳಿಸುತ್ತಾರೆ. ಪೋರ್ಟ್ ಫಾರ್ವರ್ಡಿಂಗ್ ಅಂದರೆ ಹೊರಗಿನ ಯಾರೇ ಬಂದು ತಟ್ಟಿದರೂ ಒಳಗಿನ ಒಂದು ಕಂಪ್ಯೂಟರಿಗೆ ಕರೆದುಕೊಂಡು ಹೋಗಿ ಬಿಡು ಅಂತ ಹೇಳಿದ ಹಾಗೆ. ಶಾಲೆಯ ಅಡ್ಮಿನ್ ಇದನ್ನು ಓದಿದರೆ ಒಂದೇ ಉತ್ತರ: ಆಗಲ್ಲ. ಸರಿಯಾದ ಉತ್ತರವೇ ಅದು.

ಆದರೆ ನಿಮಗೆ ಬೇಕಾದದ್ದು ಅದಲ್ಲವೇ ಅಲ್ಲ. ಲೀಗ್‌ನಲ್ಲಿ ಮ್ಯಾಚ್ ನಡೆಯುವುದು ಗೇಮ್ ಕಂಪನಿಯ ಸರ್ವರಿನಲ್ಲಿ, ನಿಮ್ಮ ಲ್ಯಾಬಿನಲ್ಲಿ ಅಲ್ಲ. ಕಸ್ಟಮ್ ಮ್ಯಾಚ್ ಮಾಡಿದರೂ, ಟೂರ್ನಮೆಂಟ್ ಕೋಡ್ ಹಾಕಿ ಆಡಿದರೂ ಅಷ್ಟೇ. ಲ್ಯಾಬಿನ ಕಂಪ್ಯೂಟರ್ ಹೊರಗೆ ಹೋಗಿ ಸರ್ವರನ್ನು ಮಾತಾಡಿಸುತ್ತೆ, ಸರ್ವರ್ ಅದಕ್ಕೆ ಉತ್ತರ ಕೊಡುತ್ತೆ. ಇವತ್ತಿನ ಫೈರ್‌ವಾಲ್‌ಗಳು ಗೇಟಿನ ಕಾವಲುಗಾರನ ಥರ: ಒಳಗಿನವರು ಯಾರು ಯಾರನ್ನು ಹುಡುಕಿಕೊಂಡು ಹೋದರು ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ಅವರ ಹತ್ತಿರದಿಂದ ಉತ್ತರ ಬಂದರೆ ಕೇಳದೆ ಒಳಗೆ ಬಿಡುತ್ತಾನೆ. ಯುಡಿಪಿಯಲ್ಲಿ ‘ಮಾತು ಶುರು’, ‘ಮಾತು ಮುಗಿಯಿತು’ ಅಂತ ಸಂಜ್ಞೆ ಇಲ್ಲ, ಹಾಗಾಗಿ ಪುಸ್ತಕದ ಆ ಸಾಲನ್ನು ಸ್ವಲ್ಪ ಹೊತ್ತು ಯಾರೂ ಮಾತಾಡದಿದ್ದರೆ ಅಳಿಸಿಬಿಡುತ್ತಾನೆ. ಗೇಮ್ ಸೆಕೆಂಡಿಗೆ ಹತ್ತಾರು ಸಲ ಮಾತಾಡುತ್ತಲೇ ಇರೋದರಿಂದ ಮ್ಯಾಚ್ ನಡುವೆ ಅದು ಅಳಿಸಿ ಹೋಗಲ್ಲ. ಹೊರಗೆ ಹೋಗಲು ಅನುಮತಿ ಕೊಟ್ಟರೆ ಸಾಕು, ವಾಪಸ್ ಬರುವುದು ತಾನಾಗಿ ಆಗುತ್ತೆ. ಒಳಬರುವ ಒಂದು ಪೋರ್ಟನ್ನೂ ತೆರೆಯಬೇಕಾಗಿಲ್ಲ.

ಈ ಒಂದು ಸಾಲು, ‘ಒಳಗಿನಿಂದ ಹೊರಗೆ ಮಾತ್ರ, ಒಳಬರುವ ಯಾವುದೂ ಬೇಡ’, ಮೆಸೇಜಿನಲ್ಲಿ ಇದ್ದರೆ ಅಡ್ಮಿನ್ ಮುಖದ ಗಂಟು ಅರ್ಧ ಸಡಿಲವಾಗುತ್ತೆ. ನನ್ನದಂತೂ ಆಗುತ್ತಿತ್ತು.

ಒಳಬರುವ ಪೋರ್ಟ್ ನಿಜಕ್ಕೂ ಬೇಕಾಗುವ ಸಂದರ್ಭವೂ ಇದೆ. ಕ್ಲಬ್ಬಿನವರೇ ಸರ್ವರ್ ನಡೆಸಿ ಬೇರೆ ಶಾಲೆಯವರನ್ನು ಕರೆಯುವುದಾದರೆ ಬೇಕು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಸರ್ವರ್ ಆದರೆ ಸಾಮಾನ್ಯವಾಗಿ ಟಿಸಿಪಿ 25565. ಅದು ಬೇರೆ ತೂಕದ ಕೋರಿಕೆ. ಎರಡನ್ನೂ ಒಂದೇ ಮೆಸೇಜಿನಲ್ಲಿ ಬೆರೆಸಬೇಡಿ, ಬೆರೆಸಿದರೆ ಎರಡೂ ಹೋಗುತ್ತವೆ.

ದಿಕ್ಕಿನ ಬೆನ್ನಿಗೇ ಇನ್ನೊಂದು ಗೊಂದಲ ಇದೆ: 5000–5500 ಅನ್ನುವುದು ಯಾರ ಪೋರ್ಟ್? ನೆಟ್‌ನಲ್ಲಿ ಡೇಟಾ ಪ್ಯಾಕೆಟ್ ಅನ್ನುವ ಚಿಕ್ಕ ತುಣುಕುಗಳಾಗಿ ಹೋಗುತ್ತೆ. ಪ್ರತಿ ಪ್ಯಾಕೆಟ್‌ನಲ್ಲಿ ಎರಡು ಪೋರ್ಟ್ ನಂಬರ್ ಇರುತ್ತವೆ, ಹೊರಟ ಕಡೆಯದ್ದು ಒಂದು, ತಲುಪುವ ಕಡೆಯದ್ದು ಒಂದು. ನಮ್ಮ ವಿಂಡೋಸ್ ಕಂಪ್ಯೂಟರ್ ತನ್ನ ಕಡೆಗೆ 49152ರಿಂದ 65535ರ ಒಳಗಿನ ಯಾವುದೋ ಒಂದು ನಂಬರನ್ನು ಆ ಹೊತ್ತಿಗೆ ಆರಿಸಿಕೊಳ್ಳುತ್ತೆ. 5000–5500 ಅನ್ನುವುದು ಸರ್ವರ್ ಕಡೆಯದ್ದು, ಅಂದರೆ ತಲುಪುವ ಪೋರ್ಟ್. ಇದನ್ನು ಹೊರಟ ಪೋರ್ಟಿನ ಖಾನೆಗೆ ಹಾಕಿದರೆ ನಿಯಮ ನೋಡಲು ಚೆನ್ನಾಗಿರುತ್ತೆ, ಒಂದು ಪ್ಯಾಕೆಟ್ಟೂ ಅದಕ್ಕೆ ಹೊಂದುವುದಿಲ್ಲ. ನಾನೇ ಒಂದು ಸಲ ಹಾಗೆ ಮಾಡಿ ಅರ್ಧ ಗಂಟೆ ತಲೆ ಕೆರೆದುಕೊಂಡಿದ್ದೇನೆ. ಮೆಸೇಜಿನಲ್ಲಿ ‘ತಲುಪುವ ಪೋರ್ಟ್’ ಅಂತಲೇ ಬರೆಯಿರಿ.

ಆಮೇಲೆ, ಒಂದೇ ಪೋರ್ಟ್ ತೆರೆದರೆ ಸಾಲದೇ, 501 ಯಾಕೆ? ಇದನ್ನು ಅಡ್ಮಿನ್ ಕೇಳಿಯೇ ಕೇಳುತ್ತಾರೆ. ಗುರುವಾರ ಸಂಜೆ ನಾನು ಕ್ಯಾಪ್ಟನ್‌ಗೆ ಲ್ಯಾಬಿನ ಒಂದೇ ಕಂಪ್ಯೂಟರಿನಲ್ಲಿ ಎರಡು ಸಲ ಅಭ್ಯಾಸದ ಮ್ಯಾಚ್ ಶುರು ಮಾಡಲು ಹೇಳಿ, ಏನನ್ನು ಬಿಟ್ಟೆ, ಏನನ್ನು ತಡೆದೆ ಅಂತ ಫೈರ್‌ವಾಲ್ ಬರೆದಿಡುವ ಲಾಗ್ ತೆರೆದು ಆ ಕಂಪ್ಯೂಟರಿನ ಐಪಿ ವಿಳಾಸ ಹಾಕಿ ನೋಡಿದೆ. ಮೊದಲ ಸಲ ತಡೆದ ಸಾಲುಗಳೆಲ್ಲ ಯುಡಿಪಿ 5127ಕ್ಕೆ. ಎರಡನೇ ಸಲ 5304ಕ್ಕೆ. ಯಾವ ಮ್ಯಾಚಿಗೆ ಯಾವ ಪೋರ್ಟ್ ಅಂತ ಸರ್ವರ್ ಆಗಿಂದಾಗ ಹೇಳುತ್ತೆ, ಹಾಗಾಗಿ ಇಡೀ ಸಾಲನ್ನೇ ತೆರೆಯಬೇಕು. ಒಂದು ಪೋರ್ಟ್ ಮಾತ್ರ ತೆರೆದು ‘ನಿನ್ನೆ ಆಯ್ತು, ಇವತ್ತು ಆಗ್ತಿಲ್ಲ’ ಅಂತ ಪರದಾಡುವವರನ್ನು ನೋಡಿದ್ದೇನೆ.

ಈ 501ರಲ್ಲಿ ಅಡ್ಮಿನ್‌ಗೆ ಕಸಿವಿಸಿ ತರುವ ಒಂದು ನಂಬರ್ ಇದೆ, 5060. ಇಂಟರ್ನೆಟ್ ಮೇಲೆ ನಡೆಯುವ ಫೋನ್‌ಗಳು ಬಳಸುವ ಸಿಪ್ ಅನ್ನುವ ಪ್ರೋಟೋಕಾಲ್‌ನ ಪೋರ್ಟ್ ಅದು. ಶಾಲೆಯ ಆಫೀಸಿನ ಫೋನ್‌ಗಳು ಆ ಥರದ್ದಾದರೆ ಅವರು ಮೊದಲು ಯೋಚಿಸುವುದು ‘ಇದರಿಂದ ಫೋನ್ ಕೆಡುತ್ತಾ?’ ಅಂತ. ನಿಯಮ ಆಟಗಾರರ ಕಂಪ್ಯೂಟರುಗಳಿಂದ ಹೊರಹೋಗುವುದಕ್ಕೆ ಮಾತ್ರ ಅಂತಿದ್ದರೆ ಫೋನುಗಳ ತಂಟೆಗೆ ಹೋಗುವುದಿಲ್ಲ. ಇದರ ಉಲ್ಟಾ ಆಗುವುದು ಸಾಧ್ಯ: ಕೆಲವು ಫೈರ್‌ವಾಲ್‌ಗಳು 5060ಕ್ಕೆ ಹೋಗುವ ಯಾವುದನ್ನು ಕಂಡರೂ ಫೋನ್ ಕರೆ ಅಂದುಕೊಂಡು ಬಿಚ್ಚಿ ನೋಡುತ್ತವೆ. ಮ್ಯಾಚಿಗೆ ಅದೇ ಪೋರ್ಟ್ ಬಿದ್ದರೆ ತೊಂದರೆ ಆಗಬಹುದು. ಬೀಳುವುದು ಅಪರೂಪ. ಹೇಳಿದ್ದು ಯಾಕೆ ಅಂದರೆ, ಅಡ್ಮಿನ್ ಸುಮ್ನೆ ಹಟಕ್ಕೆ ಪ್ರಶ್ನೆ ಕೇಳುತ್ತಿಲ್ಲ, ಅವರ ಪ್ರಶ್ನೆಗೆ ಹಿಂದೆ ಇಂಥದ್ದೇನೋ ಇರುತ್ತೆ.

ಎಲ್ಲಿಂದ ಅನ್ನುವ ಖಾನೆ ಸುಲಭ, ಆದರೂ ಯಾರೂ ತುಂಬುವುದಿಲ್ಲ. ಐದು ಜನ ಆಟಗಾರರು, ಒಂದು ಬದಲಿ ಕಂಪ್ಯೂಟರ್, ಒಟ್ಟು ಆರು. ಅವುಗಳ ಐಪಿ ವಿಳಾಸ ಬೇಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಹೊಡೆದರೆ ಬರುತ್ತೆ:

```
ipconfig /all
```

ಅದರಲ್ಲಿ ‘IPv4 Address’ ಮತ್ತು ‘Physical Address’ ಎರಡನ್ನೂ ಬರೆದುಕೊಳ್ಳಿ. ಐಪಿ ವಿಳಾಸ ಇವತ್ತು ಒಂದು, ನಾಳೆ ಇನ್ನೊಂದು ಆಗಬಹುದು. ಎರಡನೆಯದು ನೆಟ್‌ವರ್ಕ್ ಕಾರ್ಡಿನದ್ದು, ಹಾಗೆಲ್ಲ ಬದಲಾಗುವುದಿಲ್ಲ. ಅದನ್ನು ಹಿಡಿದು ಅಡ್ಮಿನ್ ಆ ಆರು ಕಂಪ್ಯೂಟರಿಗೆ ಐಪಿಯನ್ನು ಕಾಯಂ ಮಾಡಿಕೊಡಬಹುದು. ಇಲ್ಲದಿದ್ದರೆ ಶನಿವಾರ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದಾಗ ನಾಲ್ಕಕ್ಕೆ ಗೇಮ್ ಬರುತ್ತೆ, ಎರಡಕ್ಕೆ ಬರಲ್ಲ, ಯಾಕೆ ಅಂತ ಯಾರಿಗೂ ತಿಳಿಯಲ್ಲ.

ಎಲ್ಲಿಗೆ ಅನ್ನುವುದು ಮಾತ್ರ ಕಷ್ಟದ ಖಾನೆ. ಗೇಮ್ ಸರ್ವರಿನ ವಿಳಾಸ ಮ್ಯಾಚ್‌ನಿಂದ ಮ್ಯಾಚಿಗೆ ಬದಲಾಗುತ್ತೆ, ಹೆಸರಿನಲ್ಲಿ ಸಿಗುವುದಿಲ್ಲ, ಬರೀ ಐಪಿ. ಬಿಗಿ ಮಾಡಬೇಕು ಅನ್ನುವ ಅಡ್ಮಿನ್ ಆದರೆ ರಾಯಟ್ ಗೇಮ್ಸ್‌ನ ನೆಟ್‌ವರ್ಕಿನ ನಂಬರ್ AS6507 ಅಂತ ತಿಳಿಸಿ, ಅದರ ಅಡಿಯಲ್ಲಿ ದಾಖಲಾದ ವಿಳಾಸಗಳಿಗೆ ಸೀಮಿತ ಮಾಡಿ ನೋಡಬಹುದು. ಎಲ್ಲ ಸರ್ವರ್‌ಗಳೂ ಅದರೊಳಗೇ ಬಂದವು ಅಂತ ನಂಬಿ ಕೂರುವ ಹಾಗಿಲ್ಲ, ಪರೀಕ್ಷೆ ಮಾಡಲೇಬೇಕು. ನನ್ನ ಪ್ರಕಾರ ಆರು ಕಂಪ್ಯೂಟರ್, ಎರಡು ದಿನ, ಹೊರದಿಕ್ಕು ಮಾತ್ರ ಅಂತ ಕಟ್ಟಿಹಾಕಿದ ಮೇಲೆ ‘ಎಲ್ಲಿಗೆ’ ಖಾನೆಯನ್ನು ಖಾಲಿ ಬಿಟ್ಟರೂ ದೊಡ್ಡ ಅಪಾಯವಿಲ್ಲ. ಆದರೆ ಆ ತೀರ್ಮಾನ ಅಡ್ಮಿನ್‌ದು, ನಿಮ್ಮದಲ್ಲ.

ಇಷ್ಟೆಲ್ಲ ಸೇರಿಸಿ, ಅವತ್ತು ಹುಡುಗನ ಜೊತೆ ಕೂತು ಆ ಮೆಸೇಜನ್ನು ತಿರುಗಿ ಬರೆಸಿದೆ. ನನಗೇ ಕಳಿಸುವುದಾದರೂ ಬರೆಸಿದೆ. ಮುಂದಿನ ಸಲ ನನ್ನ ಕುರ್ಚಿಯಲ್ಲಿ ಬೇರೆ ಯಾರೋ ಇರಬಹುದು, ಅಲ್ವಾ? ಹೀಗಿತ್ತು ಅದು:

> ನಮಸ್ತೆ ಸರ್. ನಾನು ಇ-ಸ್ಪೋರ್ಟ್ಸ್ ಕ್ಲಬ್ಬಿನ ಕ್ಯಾಪ್ಟನ್. 14ನೇ ತಾರೀಖು ಶನಿವಾರ ಬೆಳಿಗ್ಗೆ 10ರಿಂದ ಸಂಜೆ 5ರ ತನಕ ಲ್ಯಾಬ್ 2ರಲ್ಲಿ ಲೀಗ್ ಆಫ್ ಲೆಜೆಂಡ್ಸ್ ಟೂರ್ನಮೆಂಟ್ ಇದೆ. ಕ್ಲಬ್ ನೋಡಿಕೊಳ್ಳುವ ಮೇಡಂ ಒಪ್ಪಿದ್ದಾರೆ, ಅವರನ್ನೂ ಈ ಮೆಸೇಜಿಗೆ ಸೇರಿಸಿದ್ದೇನೆ.
>
> ಈಗಿನ ತೊಂದರೆ: ಲಾಗಿನ್, ಚಾಟ್, ಚಾಂಪಿಯನ್ ಆರಿಸುವುದು ಎಲ್ಲ ಸರಿ. ಮ್ಯಾಚ್ ಲೋಡ್ ಆಗುವಾಗ ಸರ್ವರ್ ಸಿಗುವುದಿಲ್ಲ, `Reconnect` ಬರುತ್ತೆ. ಇವತ್ತು ಸಂಜೆ 4:12ಕ್ಕೆ ಮತ್ತು 4:19ಕ್ಕೆ 10.20.30.41ರಿಂದ ಪ್ರಯತ್ನಿಸಿದೆವು. ಲಾಗ್‌ನಲ್ಲಿ ಆ ಹೊತ್ತು ನೋಡಬಹುದು.
>
> ಬೇಕಾಗಿರುವುದು: 10.20.30.41ರಿಂದ 10.20.30.46ರ ತನಕ ಆರು ಕಂಪ್ಯೂಟರುಗಳಿಂದ ಹೊರಗೆ, ಯುಡಿಪಿ, ತಲುಪುವ ಪೋರ್ಟ್ 5000–5500. ಜೊತೆಗೆ ಹೊರಗೆ ಟಿಸಿಪಿ 2099, 5222, 5223 ಈಗಾಗಲೇ ಬಿಟ್ಟಿಲ್ಲವಾದರೆ ಅವೂ. ಒಳಬರುವ ಯಾವ ಪೋರ್ಟೂ ಬೇಡ, ಪೋರ್ಟ್ ಫಾರ್ವರ್ಡಿಂಗೂ ಬೇಡ.
>
> ಯಾವಾಗ: ಪರೀಕ್ಷೆಗೆ ಶುಕ್ರವಾರ ಮಧ್ಯಾಹ್ನ 3ರಿಂದ 5, ಆಮೇಲೆ ಶನಿವಾರ 9ರಿಂದ 6. ಅದಾದ ಮೇಲೆ ತೆಗೆದುಬಿಡಬಹುದು.
>
> ಶುಕ್ರವಾರ 3ಕ್ಕೆ ನಾನು ಲ್ಯಾಬಿನಲ್ಲಿ ಇರುತ್ತೇನೆ. ನೀವು ಹೇಳಿದಾಗ ಮ್ಯಾಚ್ ಶುರು ಮಾಡಿ ತೋರಿಸುತ್ತೇನೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪೋರ್ಟ್ ನಂಬರ್ ಅಲ್ಲ, 4:12 ಮತ್ತು 4:19. ಫೈರ್‌ವಾಲ್ ಲಾಗ್‌ನಲ್ಲಿ ನಿಮಿಷಕ್ಕೆ ಸಾವಿರಾರು ಸಾಲು ಓಡುತ್ತಿರುತ್ತವೆ. ಹೊತ್ತು ಮತ್ತು ಐಪಿ ಎರಡೂ ಕೈಯಲ್ಲಿದ್ದರೆ ಬೇಕಾದ ಸಾಲು ಸಿಗಲು ಒಂದು ನಿಮಿಷ ಸಾಕು. ಕ್ಲಬ್ಬಿನವರು ನೆಟ್‌ನಿಂದ ತಂದ ಪಟ್ಟಿಯನ್ನು ನಂಬುವ ಅಗತ್ಯವೇ ಬೀಳುವುದಿಲ್ಲ, ಏನು ತಡೆಯಲಾಗಿದೆ ಅಂತ ಲಾಗೇ ಹೇಳುತ್ತೆ. ಗೇಮ್ ಅಪ್‌ಡೇಟ್ ಆಗಿ ಪೋರ್ಟ್ ಬದಲಾಗಿದ್ದರೂ ಅಲ್ಲಿ ಕಾಣುತ್ತೆ.

ಟೀಚರ್ ಒಪ್ಪಿಗೆಯ ಸಾಲು ಬರೀ ಶಿಷ್ಟಾಚಾರ ಅಂದುಕೊಳ್ಳಬೇಡಿ. ಶಾಲೆಯ ನಿಯಮ ಬದಲಿಸಿ ಅಂತ ವಿದ್ಯಾರ್ಥಿ ಒಬ್ಬನೇ ಕೇಳಿದರೆ, ನಾಳೆ ಯಾರಾದರೂ ಪ್ರಶ್ನಿಸಿದಾಗ ಅಡ್ಮಿನ್ ಬಳಿ ತೋರಿಸಲು ಏನೂ ಇರುವುದಿಲ್ಲ.

ಶುಕ್ರವಾರ 3 ಗಂಟೆಗೆ ನಿಯಮ ಹಾಕಿದೆ. ಕ್ಯಾಪ್ಟನ್ ಮ್ಯಾಚ್ ಶುರು ಮಾಡಿದ. ಮತ್ತೆ ಅದೇ `Reconnect`.

ಇಲ್ಲಿ ಬಹಳ ಜನ ‘ಪೋರ್ಟ್ ಓಪನ್ ಆಗಿಲ್ಲ ಸರ್’ ಅಂತಾರೆ, ಅಡ್ಮಿನ್ ‘ಮಾಡಿದ್ದೀನಪ್ಪ’ ಅಂತಾರೆ, ಇಬ್ಬರೂ ಸರಿಯೇ ಇರುತ್ತಾರೆ. ನೋಡಬೇಕಾದದ್ದು ನಿಯಮದ ಪಕ್ಕದಲ್ಲಿರುವ ಎಣಿಕೆ, ಅಂದರೆ ಎಷ್ಟು ಸಲ ಆ ನಿಯಮ ಬಳಕೆಯಾಯಿತು ಅನ್ನುವ ನಂಬರ್. ನನ್ನ ಹೊಸ ನಿಯಮದ ಎಣಿಕೆ ಸೊನ್ನೆ. ಅಂದರೆ ಪ್ಯಾಕೆಟ್ ಅದರ ತನಕ ಬಂದೇ ಇಲ್ಲ. ಫೈರ್‌ವಾಲ್ ನಿಯಮಗಳನ್ನು ಸಾಮಾನ್ಯವಾಗಿ ಮೇಲಿಂದ ಕೆಳಗೆ ಓದುತ್ತೆ, ಮೊದಲು ಹೊಂದಿದ್ದೇ ಕೊನೆಯ ಮಾತು. ನಾನು ಸೇರಿಸಿದ್ದು ‘ಲ್ಯಾಬಿನಿಂದ ಬೇರೆಲ್ಲ ತಡೆ’ ಅನ್ನುವ ಹಳೇ ನಿಯಮದ ಕೆಳಗೆ. ಅದನ್ನು ಎಳೆದು ಮೇಲೆ ಹಾಕಿದೆ.

ಮತ್ತೆ ಶುರು ಮಾಡಿದ. ಈ ಸಲ ಎಣಿಕೆ ಏರಿತು, ಆದರೂ ಮ್ಯಾಚ್ ಬರಲಿಲ್ಲ. ಲಾಗ್‌ನಲ್ಲಿ ತಡೆದ ಕಾರಣದ ಜಾಗದಲ್ಲಿ ಈಗ ಪೋರ್ಟ್ ನಿಯಮದ ಹೆಸರು ಇರಲಿಲ್ಲ, ‘ಆಟಗಳು’ ಅನ್ನುವ ವರ್ಗದ ಹೆಸರಿತ್ತು. ಇದು ಎರಡನೇ ಬೀಗ. ಈಗಿನ ಬಹಳಷ್ಟು ಫೈರ್‌ವಾಲ್‌ಗಳು ಪೋರ್ಟ್ ನೋಡಿ ಬಿಟ್ಟ ಮೇಲೂ ಪ್ಯಾಕೆಟ್‌ನ ಚಹರೆ ನೋಡಿ ಇದು ಯಾವ ಆ್ಯಪ್ ಅಂತ ಗುರುತಿಸುತ್ತವೆ. ಶಾಲೆಗಳಲ್ಲಿ ಆಟಗಳ ವರ್ಗವನ್ನೇ ಪೂರ್ತಿ ಮುಚ್ಚಿರುತ್ತಾರೆ. ಆ ಆರು ಕಂಪ್ಯೂಟರಿಗೆ, ಈ ಒಂದು ಗೇಮಿಗೆ ಮಾತ್ರ ವಿನಾಯಿತಿ ಹಾಕಿದೆ. ಮೂರನೇ ಸಲ ಲೋಡ್ ಆಯಿತು. 3:40 ಆಗಿತ್ತು. ಶನಿವಾರ ಬೆಳಿಗ್ಗೆ 9:50ಕ್ಕೆ ಇದನ್ನೆಲ್ಲ ಮಾಡುವುದನ್ನು ಯೋಚಿಸಿ.

ಯುಡಿಪಿಯನ್ನು ಹೀಗೆ ನಿಜವಾದ ಮ್ಯಾಚ್ ಹಾಕಿಯೇ ಪರೀಕ್ಷಿಸಬೇಕು. ಟಿಸಿಪಿ ಪೋರ್ಟ್ ಆದರೆ ಪವರ್‌ಶೆಲ್‌ನಲ್ಲಿ ಒಂದು ಸಾಲು ಸಾಕು, `SERVER_NAME` ಜಾಗದಲ್ಲಿ ಸರ್ವರಿನ ಹೆಸರು:

```
Test-NetConnection -ComputerName SERVER_NAME -Port 5223
```

`TcpTestSucceeded : True` ಅಂತ ಬಂದರೆ ದಾರಿ ತೆರೆದಿದೆ. ಹೆಸರಲ್ಲೇ ಇರುವ ಹಾಗೆ ಇದು ಟಿಸಿಪಿಗೆ ಮಾತ್ರ. ಯುಡಿಪಿಯಲ್ಲಿ ‘ಬಂದೆ’ ಅಂದರೆ ‘ಬಾ’ ಅನ್ನುವ ಶಾಸ್ತ್ರ ಇಲ್ಲ, ಕಳಿಸಿದ್ದಕ್ಕೆ ಉತ್ತರ ಬರದಿದ್ದರೆ ತಡೆದರೋ, ಸರ್ವರ್‌ಗೆ ಉತ್ತರ ಕೊಡಲು ಇಷ್ಟವಿಲ್ಲವೋ ಗೊತ್ತಾಗುವುದಿಲ್ಲ. ಈ ಟಿಸಿಪಿ ಕಮಾಂಡಿನಲ್ಲಿ 5000 ಅಂತ ಹಾಕಿ `False` ಬಂದ ಸ್ಕ್ರೀನ್‌ಶಾಟ್ ಕಳಿಸಿ ‘ನೋಡಿ ಸರ್ ಮುಚ್ಚಿದೆ’ ಅನ್ನುವವರು ಇದ್ದಾರೆ. ಆ ಸ್ಕ್ರೀನ್‌ಶಾಟ್‌ನಿಂದ ಏನೂ ತಿಳಿಯುವುದಿಲ್ಲ.

ಇನ್ನೊಂದು ಪರೀಕ್ಷೆ ಎಲ್ಲರಿಗೂ ಹೊಳೆಯುತ್ತೆ: ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಆಡಿ ನೋಡುವುದು. ಅದರಲ್ಲಿ ಬಂದು ಶಾಲೆಯ ನೆಟ್‌ನಲ್ಲಿ ಬರದಿದ್ದರೆ ತೊಂದರೆ ಶಾಲೆಯ ನೆಟ್‌ನಲ್ಲೇ ಇದೆ ಅಂತ ಖಾತ್ರಿ. ಒಳ್ಳೆಯ ಪುರಾವೆ. ಆದರೆ ನಿಮ್ಮ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಮಾಡಿ. ಲ್ಯಾಬಿನ ಕಂಪ್ಯೂಟರಿಗೆ ಕೇಳದೆ ಫೋನ್ ಸಿಕ್ಕಿಸಿದರೆ ಫೈರ್‌ವಾಲನ್ನೇ ತಪ್ಪಿಸಿಕೊಂಡು ಹೋದ ಹಾಗೆ, ಕೋರಿಕೆ ಓದುವ ಮೂಡೇ ಹೋಗಿಬಿಡುತ್ತೆ.

ಲಾಗಿನ್ನೇ ಆಗದಿರುವ ರೋಗ ಅಂದೆನಲ್ಲ, ಅದಕ್ಕೆ ಪೋರ್ಟ್ ಕಾರಣ ಆಗಿರುವುದು ಕಡಿಮೆ. ಹಲವು ಶಾಲೆಗಳು ವೆಬ್ ಸಂಚಾರವನ್ನು ನಡುವೆ ಬಿಚ್ಚಿ ನೋಡಿ, ಸೈಟ್ ಅಸಲಿ ಅಂತ ತೋರಿಸುವ ಪ್ರಮಾಣಪತ್ರದ ಜಾಗದಲ್ಲಿ ತಮ್ಮದನ್ನು ಹಚ್ಚಿ ಮುಂದೆ ಕಳಿಸುತ್ತವೆ. ಬ್ರೌಸರ್‌ಗೆ ಅದನ್ನು ಒಪ್ಪಲು ಹೇಳಿಕೊಟ್ಟಿರುತ್ತಾರೆ, ಗೇಮಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಅದು ಮುನಿಸಿಕೊಂಡು ನಿಲ್ಲುತ್ತೆ. ಆಗ ಕೇಳಬೇಕಾದದ್ದು ಪೋರ್ಟ್ ಅಲ್ಲ, `riotgames.com`, `leagueoflegends.com`, `riotcdn.net`, `pvp.net` ಇವನ್ನು ಬಿಚ್ಚಿ ನೋಡದೆ ಬಿಡಿ ಅಂತ.

ಪೋರ್ಟಿಗೆ ಸಂಬಂಧವೇ ಇಲ್ಲದ ಒಂದು ಅಡ್ಡಿಯೂ ಇದೆ, ಅದೂ ಇದೇ ಮೆಸೇಜಿನಲ್ಲಿ ಹೋಗಲಿ. 2024ರಿಂದ ವಿಂಡೋಸ್‌ನಲ್ಲಿ ಲೀಗ್ ಆಡಲು ವ್ಯಾನ್‌ಗಾರ್ಡ್ ಅನ್ನುವ ಮೋಸ ತಡೆಯುವ ಪ್ರೋಗ್ರಾಮ್ ಇರಲೇಬೇಕು. ಅದನ್ನು ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು, ಹಾಕಿದ ಮೇಲೆ ಒಂದು ಸಲ ರೀಸ್ಟಾರ್ಟ್ ಆಗಬೇಕು. ಲ್ಯಾಬಿನ ಕಂಪ್ಯೂಟರುಗಳಲ್ಲಿ ರೀಸ್ಟಾರ್ಟ್ ಮಾಡಿದ ಕೂಡಲೇ ಎಲ್ಲ ಅಳಿಸಿ ಮೊದಲಿನ ಸ್ಥಿತಿಗೆ ತರುವ ಸಾಫ್ಟ್‌ವೇರ್ ಇದ್ದರೆ ಮುಗಿಯಿತು: ಹಾಕುವುದು, ರೀಸ್ಟಾರ್ಟ್, ಮಾಯ, ಮತ್ತೆ ಹಾಕು ಅನ್ನುತ್ತೆ. ಅದನ್ನು ತಾತ್ಕಾಲಿಕವಾಗಿ ಬಿಡಿಸಿ ವ್ಯಾನ್‌ಗಾರ್ಡ್ ಹಾಕಿಸಿ, ಆಮೇಲೆ ಲಾಕ್ ಮಾಡಿಸಬೇಕು. ಗೇಮಿನ ಹೊಸ ಪ್ಯಾಚ್ ಟೂರ್ನಮೆಂಟಿನ ಹಿಂದಿನ ದಿನ ಬಂದರೂ ಇದೇ ಗೋಳು, ಪ್ರತಿ ಸಲ ಆನ್ ಮಾಡಿದಾಗ ಆರೂ ಕಂಪ್ಯೂಟರ್ ಹೊಸದಾಗಿ ಡೌನ್‌ಲೋಡ್ ಮಾಡಲು ಕೂರುತ್ತವೆ.

ಅಡ್ಮಿನ್‌ಗೆ ಎಷ್ಟು ದಿನ ಮುಂಚೆ ಬರೆಯಬೇಕು ಅಂದರೆ, ಎರಡು ವಾರ ಅಂತೀನಿ. ನಿಯಮ ಹಾಕಲು ಐದು ನಿಮಿಷವೇ, ಆದರೆ ಕೆಲವು ಶಾಲೆಗಳಲ್ಲಿ ಫೈರ್‌ವಾಲ್ ಕೀಲಿ ಅಡ್ಮಿನ್ ಕೈಯಲ್ಲಿ ಇರುವುದೇ ಇಲ್ಲ, ಮೇಲಿನ ಆಫೀಸಿನಲ್ಲೋ ಹೊರಗಿನ ಕಂಪನಿಯಲ್ಲೋ ಇರುತ್ತೆ. ಆಗ ಅವರು ನಿಮ್ಮ ಮೆಸೇಜನ್ನು ಹಾಗೆಯೇ ಮುಂದಕ್ಕೆ ಕಳಿಸುತ್ತಾರೆ. ನಿಮ್ಮನ್ನು ನೋಡೇ ಇಲ್ಲದ ಯಾರೋ ಓದುತ್ತಾರೆ, ಅವರಿಗೆ ಕಾಣುವುದು ಆ ಸಾಲುಗಳು ಮಾತ್ರ.

ಆ ಶನಿವಾರ ಹುಡುಗರು ಎರಡನೇ ಸುತ್ತಿನಲ್ಲೇ ಸೋತರು, ಅದಕ್ಕೆ ನೆಟ್‌ವರ್ಕ್ ಕಾರಣ ಅಲ್ಲ. ಸಂಜೆ 6:05ಕ್ಕೆ ಕ್ಯಾಪ್ಟನ್ ಮೆಸೇಜ್ ಬಂತು: ‘ಸರ್, ಮುಗೀತು. 5000–5500 ನಿಯಮ ತೆಗೀಬಹುದು. ಆಟಗಳ ವಿನಾಯಿತಿನೂ ಹಾಕಿದ್ರಲ್ಲ, ಅದನ್ನೂ ಮರೀಬೇಡಿ.’ ಎರಡನೆಯದನ್ನು ನಾನು ನಿಜಕ್ಕೂ ಮರೆತಿದ್ದೆ.